ಭುಜಕ್ಕೆ ಸ್ಟಿರಾಯ್ಡ್ ಸೂಜಿ: ಹಾಕಿಸಬೇಕೋ, ಬೇಡವೋ?

ಪ್ರಶ್ನೆ: ನನಗೆ 53 ವರ್ಷ, ಸಕ್ಕರೆ ಕಾಯಿಲೆ ಇದೆ. ನಾಲ್ಕು ತಿಂಗಳಿಂದ ಬಲ ಭುಜ ನೋವು. ರಾತ್ರಿ ಆ ಮಗ್ಗುಲಿಗೆ ಮಲಗೋಕಾಗಲ್ಲ, ಜಡೆ ಹಾಕೋಕೂ ಕೈ ಹೋಗಲ್ಲ. ಡಾಕ್ಟರು ಫ್ರೋಜನ್ ಶೋಲ್ಡರ್, ಸ್ಟಿರಾಯ್ಡ್ ಇಂಜೆಕ್ಷನ್ ಕೊಡೋಣ ಅಂದರು. ಪಕ್ಕದ ಮನೆಯವರು ಮುಟ್ಟಲೇಬೇಡಿ ಅಂತಾರೆ. ಏನು ಮಾಡಲಿ? (ಡೊಂಬಿವಲಿ)

ಭುಜ ನೋಯುತ್ತಿರುವುದು ನಿಮಗೆ, ಪಕ್ಕದ ಮನೆಯವರಿಗಲ್ಲ. ಮಾಟುಂಗದ ನನ್ನ ಕ್ಲಿನಿಕ್ಕಿಗೆ ಬರುವ ಹತ್ತು ಭುಜಗಳಲ್ಲಿ ನಾಲ್ಕೈದಾದರೂ ಇಂಥ ಪಕ್ಕದ ಮನೆಯವರ ಮಾತು ಕೇಳಿ ಆರು ತಿಂಗಳು ತಡವಾಗಿ ಬಂದವು. ತಡವಾದಷ್ಟೂ ಇಂಜೆಕ್ಷನ್ನಿನ ಉಪಯೋಗ ಕಡಿಮೆ. ನನಗೆ ಸಿಟ್ಟು ಬರುವುದು ಅದಕ್ಕೇ.

ಮೊದಲು ಇದು ನಿಜವಾಗಿ ಫ್ರೋಜನ್ ಶೋಲ್ಡರೇ ಅಂತ ಖಾತ್ರಿಯಾಗಬೇಕು. ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಮೊಣಕೈ ಮಡಚಿ ಪಕ್ಕೆಗೆ ಒತ್ತಿ ಹಿಡಿಯಿರಿ. ಮುಂಗೈ ನೇರ ಮುಂದಕ್ಕಿರಲಿ. ಈಗ ಮನೆಯವರು ಯಾರಾದರೂ ನಿಮ್ಮ ಮುಂಗೈಯನ್ನು ನಿಧಾನವಾಗಿ ಹೊರಗಡೆಗೆ, ಬಾಗಿಲು ತೆರೆದ ಹಾಗೆ, ತಿರುಗಿಸಲಿ. ಎಡಗೈ ಸಲೀಸಾಗಿ ಹೋಗಿ, ಬಲಗೈ ಸ್ವಲ್ಪ ದೂರ ಹೋಗಿ ಗೋಡೆಗೆ ತಾಗಿದಂತೆ ನಿಂತರೆ ಕೀಲಿನ ಚೀಲವೇ ಬಿಗಿದಿದೆ ಎಂದರ್ಥ. ಬೇರೆಯವರು ತಿರುಗಿಸಿದರೆ ಪೂರ್ತಿ ಹೋಗುತ್ತದೆ, ನೀವಾಗಿ ಕೈ ಎತ್ತಲು ಮಾತ್ರ ಆಗುವುದಿಲ್ಲ ಅಂದರೆ ಅದು ಬೇರೆ ರೋಗ. ಹೆಚ್ಚಾಗಿ ಸ್ನಾಯುರಜ್ಜುವಿನದು. ಅಲ್ಲಿ ಸೂಜಿ ಹೋಗುವ ಜಾಗವೂ ಬೇರೆ, ಲೆಕ್ಕವೂ ಬೇರೆ. ಒಂದು ಎಕ್ಸ್-ರೇ ತೆಗೆಸಿ. ಫ್ರೋಜನ್ ಶೋಲ್ಡರಿನಲ್ಲಿ ಅದು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಕೀಲು ಸವೆದಿಲ್ಲ, ಮೂಳೆಯಲ್ಲಿ ಬೇರೇನೂ ಇಲ್ಲ ಅಂತ ತಿಳಿಯಲು ಅದು ಬೇಕು.

ಈ ಕಾಯಿಲೆ ಮೂರು ಹಂತದಲ್ಲಿ ನಡೆಯುತ್ತದೆ. ಮೊದಲ ತಿಂಗಳುಗಳಲ್ಲಿ ಚೀಲದೊಳಗೆ ಉರಿಯೂತ, ವಿಪರೀತ ನೋವು, ರಾತ್ರಿ ಜಾಸ್ತಿ. ಆಮೇಲೆ ನೋವು ಇಳಿಯುತ್ತದೆ, ಆದರೆ ಕೈ ಬಿಗಿದುಕೊಳ್ಳುತ್ತದೆ. ಕೊನೆಗೆ ತಾನಾಗಿ ನಿಧಾನಕ್ಕೆ ಸಡಿಲವಾಗುತ್ತದೆ. ಒಟ್ಟು ಒಂದರಿಂದ ಮೂರು ವರ್ಷ. ಸ್ಟಿರಾಯ್ಡ್ ಕೆಲಸ ಮಾಡುವುದು ಉರಿಯೂತದ ಮೇಲೆ. ಹಾಗಾಗಿ ಮೊದಲ ಹಂತದಲ್ಲೇ ಅದಕ್ಕೆ ಬೆಲೆ. ನಿಮಗೆ ನಾಲ್ಕು ತಿಂಗಳು, ರಾತ್ರಿ ನಿದ್ದೆ ಇಲ್ಲ ಅಂತೀರಿ. ಪರೀಕ್ಷೆಯಲ್ಲೂ ಇದೇ ಅಂತಾದರೆ ನಾನಾಗಿದ್ದರೆ ಹಾಕಿಸಿಕೊಳ್ಳಿ ಅಂತಿದ್ದೆ. ವರ್ಷ ಕಳೆದು, ನೋವಿಲ್ಲದೆ ಬರೀ ಬಿಗಿತ ಉಳಿದವರಿಗೆ ನಾನು ಕೊಡುವುದಿಲ್ಲ.

ಸಿಗುವುದು ಏನು, ಎಷ್ಟು ದಿನ? ಸಾಮಾನ್ಯವಾಗಿ ಕೀಲಿನೊಳಗೆ ಟ್ರಯಾಮ್ಸಿನೊಲೋನ್ ಎಂಬ ಔಷಧ 40 ಮಿಲಿಗ್ರಾಂ, ಜೊತೆಗೆ ಮರಗಟ್ಟಿಸುವ ಲಿಗ್ನೊಕೇನ್. ಸಕ್ಕರೆ ಇರುವವರಿಗೆ ನಾನು ಇನ್ನೂ ಕಡಿಮೆ ಕೊಡುತ್ತೇನೆ. ಲಿಗ್ನೊಕೇನ್‌ನಿಂದ ಮೊದಲ ಕೆಲವು ಗಂಟೆ ಭುಜ ಹಗುರ. "ಡಾಕ್ಟ್ರೇ, ಪವಾಡ!" ಅಂತ ಫೋನ್ ಬರುವುದು ಆಗಲೇ. ಸಂಜೆಗೆ ಅದು ಇಳಿಯುತ್ತದೆ, ನೋವು ಮರಳುತ್ತದೆ. ಕೆಲವರಿಗೆ ಒಂದೆರಡು ದಿನ ಮೊದಲಿಗಿಂತ ಜಾಸ್ತಿಯೂ ಆಗುತ್ತದೆ. ಆಗ ಬೈಯುವ ಫೋನ್. ಐಸ್ ಇಡಿ, ಪ್ಯಾರಾಸಿಟಮಾಲ್ ತಗೊಳ್ಳಿ, ತಡೆದುಕೊಳ್ಳಿ. ಸ್ಟಿರಾಯ್ಡ್ ತನ್ನ ಕೆಲಸ ಶುರು ಮಾಡುವುದು ಎರಡು ಮೂರು ದಿನದ ಮೇಲೆ, ಕೆಲವರಿಗೆ ವಾರ ಬೇಕು. ಆಮೇಲೆ ಸುಮಾರು ಆರರಿಂದ ಹನ್ನೆರಡು ವಾರ ನೋವು ಕಡಿಮೆ ಇರುತ್ತದೆ. ಆರು ತಿಂಗಳ ಹೊತ್ತಿಗೆ ಇಂಜೆಕ್ಷನ್ ತಗೊಂಡವರಿಗೂ ತಗೊಳ್ಳದವರಿಗೂ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ. ಇದನ್ನು ಕೇಳಿ ಕೆಲವರು "ಹಾಗಾದರೆ ಸುಮ್ನೆ ಯಾಕೆ?" ಅನ್ನುತ್ತಾರೆ. ಮೂರು ತಿಂಗಳು ರಾತ್ರಿ ನಿದ್ದೆ ಮಾಡಿದ್ದಕ್ಕೆ ಬೆಲೆ ಇಲ್ವಾ?

ಇನ್ನು ಸಕ್ಕರೆ. ಹೌದು, ಏರುತ್ತದೆ. ಕೀಲಿಗೆ ಹಾಕಿದ ಔಷಧ ಸ್ವಲ್ಪ ರಕ್ತಕ್ಕೂ ಹೋಗುತ್ತದೆ. ಕಳೆದ ಮಳೆಗಾಲದಲ್ಲಿ ಘಾಟ್ಕೋಪರಿನ ಒಂದು ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ ಕೂರುವ ಉಡುಪಿ ಕಡೆಯವರೊಬ್ಬರು ಬಂದರು. ಲೋಕಲ್‌ನಲ್ಲಿ ಮೇಲಿನ ಹಿಡಿಕೆ ಹಿಡಿಯಲು ಕೈ ಹೋಗುವುದಿಲ್ಲ, ಮೂರು ತಿಂಗಳಿಂದ ನಿದ್ದೆ ಇಲ್ಲ. ಎಚ್‌ಬಿಎ1ಸಿ 7.6, ಬರೀ ಮಾತ್ರೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 140ರ ಆಸುಪಾಸು. ಮನೆಯಲ್ಲಿ ಗ್ಲೂಕೋಮೀಟರ್ ಇದೆಯೇ ಎಂದು ಕೇಳಿದೆ. ಇತ್ತು, ಆದರೆ ಪಟ್ಟಿಗಳು ಎಕ್ಸ್‌ಪೈರ್ ಆಗಿದ್ದವು! ಹೊಸದು ತಂದ ಮೇಲೆಯೇ ಸೂಜಿ ಹಾಕಿದ್ದು. ಮರುದಿನ ಬೆಳಿಗ್ಗೆ 190, ರಾತ್ರಿ ಊಟದ ಎರಡು ಗಂಟೆ ನಂತರ 285. ಮೂರನೇ ದಿನ ಊಟದ ಮೇಲೆ 230. ಆರನೇ ದಿನ ಬೆಳಿಗ್ಗೆ 145. ಆ ವಾರ ಅವರು ಸಿಹಿ ಮುಟ್ಟಲಿಲ್ಲ, ಅನ್ನ ಅರ್ಧ ಮಾಡಿದರು, ಮಾತ್ರೆ ತಾವಾಗಿ ಹೆಚ್ಚಿಸಲಿಲ್ಲ. ಈ ಕೊನೆಯದು ಮುಖ್ಯ. ಹೆದರಿ ಒಂದರ ಬದಲು ಎರಡು ಮಾತ್ರೆ ನುಂಗಿದವರಿಗೆ ಸ್ಟಿರಾಯ್ಡ್ ಇಳಿದ ದಿನ ಸಕ್ಕರೆ ಕುಸಿಯಬಹುದು.

ನೀವೂ ಒಂದು ವಾರ ಬೆಳಿಗ್ಗೆ ಮತ್ತು ಊಟದ ಮೇಲೆ ನೋಡಿ ಬರೆದಿಡಿ. 300 ದಾಟಿದರೆ, ಅಥವಾ ವಿಪರೀತ ಬಾಯಾರಿಕೆ, ಪದೇಪದೇ ಮೂತ್ರ, ವಾಂತಿ ಬಂದರೆ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ಇನ್ಸುಲಿನ್ ತಗೊಳ್ಳುವವರು ಡೋಸಿನ ಮಾತನ್ನು ಸೂಜಿಗೆ ಮುಂಚೆಯೇ ಆಡಿಕೊಳ್ಳಬೇಕು. ಸಕ್ಕರೆ ಈಗಲೇ ಹತೋಟಿ ತಪ್ಪಿದ್ದರೆ, ಖಾಲಿ ಹೊಟ್ಟೆಯಲ್ಲೇ 200 ಮೇಲಿದ್ದರೆ, ನಾನು ಎರಡು ಮೂರು ವಾರ ಮುಂದೂಡುತ್ತೇನೆ. ನನ್ನನ್ನು ಅತಿ ಹೆದರುವವನು ಅನ್ನಿ, ಪರವಾಗಿಲ್ಲ. ಆ ಸ್ಥಿತಿಯಲ್ಲಿ ಕೀಲಿಗೆ ಸೋಂಕು ತಗುಲಿದರೆ ಪಡುವ ಪಾಡನ್ನು ಹಿಂದೊಮ್ಮೆ ನೋಡಿದ್ದೇನೆ, ಸಾಕು.

ಸೋಂಕು ಬಹಳ ಅಪರೂಪ, ಆದರೆ ಗುರುತಿಸಲು ಬರಬೇಕು. ಔಷಧದ ಉರಿ ಮೊದಲ ದಿನವೇ ಶುರುವಾಗಿ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಸೋಂಕಿನ ನೋವು ದಿನದಿಂದ ದಿನಕ್ಕೆ ಏರುತ್ತದೆ, ಭುಜ ಬಿಸಿಯಾಗುತ್ತದೆ, ಊದುತ್ತದೆ, ಜ್ವರ ಚಳಿ ಬರಬಹುದು. ಸಕ್ಕರೆ ಇರುವವರಿಗೆ ಜ್ವರ ಬಾರದೆಯೂ ಇರಬಹುದು. ಅಂಥ ದಿನ ಕಾಯುವುದಲ್ಲ, ಆಸ್ಪತ್ರೆಗೆ ಹೋಗುವುದು. ಇನ್ನೊಂದು ಚಿಕ್ಕದು: ಮುಖ ಒಂದೆರಡು ದಿನ ಕೆಂಪಾಗಿ ಬಿಸಿಯಾಗಬಹುದು. ಔಷಧ ಚರ್ಮದ ಕೆಳಗೇ ಉಳಿದರೆ ಆ ಜಾಗ ಬೆಳ್ಳಗಾಗಿ ತಗ್ಗು ಬೀಳುತ್ತದೆ. ನಮ್ಮ ಬಣ್ಣದ ಚರ್ಮದಲ್ಲಿ ಅದು ಎದ್ದು ಕಾಣುತ್ತದೆ.

ಕೊನೆಯದು, ಮತ್ತು ಬಹಳ ಜನ ಹಾಳು ಮಾಡಿಕೊಳ್ಳುವುದು ಇಲ್ಲೇ. ನೋವು ಇಳಿದ ತಕ್ಷಣ ಭುಜ ಮರೆತುಬಿಡುತ್ತಾರೆ. ಮೊದಲ ಎರಡು ದಿನ ಭಾರ ಎತ್ತಬೇಡಿ. ನೋವು ಇಳಿದ ಮೇಲೆ ದಿನಕ್ಕೆ ಎರಡು ಸಲ, ಬಿಸಿ ನೀರಿನ ಸ್ನಾನದ ನಂತರ, ಬೆರಳುಗಳಿಂದ ಗೋಡೆ ಹತ್ತಿ. ಗೋಡೆಯ ಮೇಲೆ ಪೆನ್ಸಿಲ್ ಗುರುತು ಹಾಕಿ. ಎರಡು ಕೈಯಲ್ಲಿ ಕೋಲು ಹಿಡಿದು ಒಳ್ಳೆ ಕೈಯಿಂದ ನೋವಿನ ಕೈಯನ್ನು ಹೊರಗೆ ತಳ್ಳಿ. ಎಳೆತ ಗೊತ್ತಾಗಬೇಕು, ಕಣ್ಣಲ್ಲಿ ನೀರು ಬರಬಾರದು. ಘಾಟ್ಕೋಪರಿನವರ ಪೆನ್ಸಿಲ್ ಗುರುತು ಆರು ವಾರದಲ್ಲಿ ಒಂದು ಗೇಣಿಗಿಂತ ಮೇಲೇರಿತು. ಆದರೆ ಬೆನ್ನ ಹಿಂದಕ್ಕೆ ಕೈ ಹೋಗಲು ಇನ್ನೂ ಏಳೆಂಟು ತಿಂಗಳು ಬೇಕಾಯಿತು. ಅದು ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ನಿಮ್ಮ ಜಡೆಯೂ ಅಷ್ಟೇ, ಬೇಸರಪಡಬೇಡಿ. ಆರು ವಾರದ ಮೇಲೂ ರಾತ್ರಿ ನೋವು ಬಲವಾಗಿದ್ದರೆ ಎರಡನೆಯ ಸೂಜಿ ಯೋಚಿಸಬಹುದು. ಮೂರನೆಯದನ್ನು ನಾನು ಕೊಡುವುದಿಲ್ಲ.

ಪ್ರಶ್ನೆ: ಅಮ್ಮನಿಗೆ ಮಂಡಿ ಸವೆತ. ಒಬ್ಬ ಡಾಕ್ಟರು ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್ ಕೊಡುತ್ತಿದ್ದಾರೆ. ಹೀಗೇ ಮುಂದುವರಿಸಬಹುದಾ? (ಮುಲುಂಡ್)

ನಾನು ಮುಂದುವರಿಸುವುದಿಲ್ಲ. ಅಮೆರಿಕದ ಬಾಸ್ಟನ್‌ನಲ್ಲಿ 140 ಜನರ ಮೇಲೆ ಇದನ್ನೇ ಮಾಡಿ ನೋಡಿದರು. ಎರಡು ವರ್ಷ, 12 ವಾರಕ್ಕೊಮ್ಮೆ, ಅರ್ಧ ಜನರಿಗೆ ಸ್ಟಿರಾಯ್ಡ್, ಇನ್ನರ್ಧಕ್ಕೆ ಬರೀ ಉಪ್ಪು ನೀರು. 2017ರಲ್ಲಿ ಫಲಿತಾಂಶ ಬಂತು. ಕೊನೆಯಲ್ಲಿ ನೋವಿನಲ್ಲಿ ಎರಡೂ ಗುಂಪು ಒಂದೇ. ಮೃದ್ವಸ್ಥಿ ಮಾತ್ರ ಸ್ಟಿರಾಯ್ಡ್ ಗುಂಪಿನಲ್ಲಿ ಜಾಸ್ತಿ ತೆಳುವಾಗಿತ್ತು. ವ್ಯತ್ಯಾಸ ಮಿಲಿಮೀಟರಿನ ಹತ್ತನೇ ಒಂದು ಭಾಗ, ಅದಕ್ಕೆ ಹೆದರಿ ಕೂರಬೇಕಿಲ್ಲ. ಆದರೆ ಲಾಭವೇ ಇಲ್ಲದಾಗ ಅಷ್ಟಾದರೂ ಯಾಕೆ ಕಳೆದುಕೊಳ್ಳಬೇಕು? ಮಂಡಿಯಲ್ಲಿ ಈ ಸೂಜಿ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ನಡೆಯುತ್ತದೆ. ಮಂಡಿ ಊದಿ ನೀರು ತುಂಬಿದಾಗ, ನೀರು ತೆಗೆದು ಒಮ್ಮೆ ಕೊಟ್ಟರೆ ಅದಕ್ಕೊಂದು ಅರ್ಥ ಇದೆ. ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಬಿಟ್ಟು ಬರೀ ಕ್ಯಾಲೆಂಡರ್ ನೋಡಿ ಚುಚ್ಚುವುದಕ್ಕೆ ಅರ್ಥ ಇಲ್ಲ.

ಪ್ರಶ್ನೆ: ಮುಂದಿನ ತಿಂಗಳು ಹುಬ್ಬಳ್ಳಿಯಲ್ಲಿ ಮಗಳ ಮದುವೆ, ಮಂಡಿ ನೋವಿನಲ್ಲಿ ನಿಲ್ಲೋಕಾಗಲ್ಲ. ಎರಡು ತಿಂಗಳ ಮೇಲೆ ಮಂಡಿ ಬದಲಿಸುವ ಆಪರೇಷನ್ನೂ ಇದೆ. ಸೂಜಿ ಹಾಕಿಸಲಾ? (ಠಾಣೆ)

ಆಪರೇಷನ್ ಇಲ್ಲದಿದ್ದರೆ ಮದುವೆಗೆ ಹತ್ತು ಹದಿನೈದು ದಿನ ಮುಂಚೆ ಹಾಕಿಸಿ ಅಂತಿದ್ದೆ. ಸೂಜಿ ಹಾಕಿದ ಮೂರು ತಿಂಗಳೊಳಗೆ ಆ ಮಂಡಿ ಬದಲಿಸಿದರೆ ಸೋಂಕಿನ ಅಪಾಯ ಜಾಸ್ತಿ. ಒಂದೋ ಆಪರೇಷನ್ ಮುಂದೂಡಿ, ಇಲ್ಲವೇ ಮಂಟಪದಲ್ಲಿ ಕುರ್ಚಿ ಹಾಕಿಸಿಕೊಳ್ಳಿ. ನಾನಾದರೆ ಕುರ್ಚಿ.

ಪ್ರಶ್ನೆ: ಜಿಮ್ ಹುಡುಗರು ತಗೊಳ್ಳೋ ಸ್ಟಿರಾಯ್ಡೂ ಇದೂ ಒಂದೇನಾ? (ಅಂಧೇರಿ)

ಅಲ್ಲ.

ಪ್ರಶ್ನೆ: ಸ್ಟಿರಾಯ್ಡ್ ಭಯಕ್ಕೆ ಊರಿಂದ ತರಿಸಿದ ಗಿಡಮೂಲಿಕೆ ಪುಡಿ ತಗೊಳ್ತಿದ್ದೇನೆ. ಎರಡೇ ದಿನದಲ್ಲಿ ಮಂಡಿ ನೋವು ಮಾಯ, ಹಸಿವೂ ಚೆನ್ನಾಗಿದೆ. ಇದನ್ನೇ ಮುಂದುವರಿಸಲಾ? (ನವಿ ಮುಂಬೈ)

ಎರಡು ದಿನದಲ್ಲಿ ನೋವು ಮಾಯ, ಹಸಿವು ಜಾಸ್ತಿ. ಮುಖ ದುಂಡಗಾಗುತ್ತಿದೆಯೇ ಅಂತ ಕನ್ನಡಿ ನೋಡಿಕೊಳ್ಳಿ. ಲೇಬಲ್ ಇಲ್ಲದ ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಮಾತ್ರೆ ಅರೆದು ಸೇರಿಸಿರುವುದು ಪದೇಪದೇ ಸಿಕ್ಕಿಬಿದ್ದಿದೆ. ಕೀಲಿಗೆ ಒಂದು ಸಲ ಅಳತೆ ಮಾಡಿ ಹಾಕುವುದಕ್ಕೆ ಹೆದರಿ, ಅದನ್ನೇ ದಿನವೂ ಅಳತೆ ಇಲ್ಲದೆ ಹೊಟ್ಟೆಗೆ ಹಾಕಿಕೊಳ್ಳುತ್ತಿರಬಹುದು ನೀವು. ಆದರೆ ತಿಂಗಳುಗಟ್ಟಲೆ ತಗೊಂಡಿದ್ದರೆ ಇವತ್ತೇ ದಿಢೀರನೆ ನಿಲ್ಲಿಸಬೇಡಿ. ದೇಹ ತನ್ನ ಸ್ವಂತ ಸ್ಟಿರಾಯ್ಡ್ ತಯಾರಿಸುವುದನ್ನು ನಿಲ್ಲಿಸಿರಬಹುದು. ಒಮ್ಮೆಗೇ ಬಿಟ್ಟರೆ ರಕ್ತದೊತ್ತಡ ಕುಸಿದು ಬೀಳುತ್ತೀರಿ. ಪುಡಿಯ ಪೊಟ್ಟಣದ ಸಮೇತ ಈ ವಾರವೇ ಒಬ್ಬ ಫಿಜಿಶಿಯನ್ ಹತ್ತಿರ ಹೋಗಿ.