ಬಿಲ್ 94,400, ಖಾತೆಗೆ ಬಂದದ್ದು 84,960: ಟಿಡಿಎಸ್ ಪ್ರಶ್ನೆಗಳಿಗೆ ಆಡಿಟರ್ ಉತ್ತರ

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಒಳಾಂಗಣ ವಿನ್ಯಾಸಕಿ ನಾನು. 2025ರ ನವೆಂಬರ್‌ನಲ್ಲಿ ಒಂದು ಕಂಪನಿಗೆ ವಿನ್ಯಾಸ ಶುಲ್ಕ 80,000, ಜಿಎಸ್‌ಟಿ 14,400, ಒಟ್ಟು 94,400 ರೂಪಾಯಿಯ ಇನ್‌ವಾಯ್ಸ್ ಕೊಟ್ಟೆ. ಖಾತೆಗೆ 84,960 ಬಂತು. ಕೇಳಿದರೆ ‘ಟಿಡಿಎಸ್ ಮೇಡಂ’ ಎನ್ನುತ್ತಾರೆ. ಉಳಿದದ್ದು ಹೋದಂತೆಯೇ? ಎಷ್ಟು ವರಮಾನ ತೋರಿಸಲಿ?

ಟಿಡಿಎಸ್ ಎಂದರೆ ಹಣ ಕೊಡುವವರು ಮೊದಲೇ ಕಡಿದು ನಿಮ್ಮ ಪರವಾಗಿ ಕಟ್ಟುವ ವರಮಾನ ತೆರಿಗೆ. ಕಡಿತವಾದದ್ದು 9,440 ರೂಪಾಯಿ. ಇದು 94,400ರ ಸರಿಯಾಗಿ ಶೇ 10. ಕಂಪನಿಯ ಲೆಕ್ಕಿಗರು ಎಡವಿರುವುದು ಇಲ್ಲಿಯೇ. ವೃತ್ತಿಪರ ಶುಲ್ಕಕ್ಕೆ 2025–26ರಲ್ಲಿ ಸೆಕ್ಷನ್ 194ಜೆ ಪ್ರಕಾರ ಶೇ 10 ಕಡಿತ ಸರಿಯೇ. ಒಂದೇ ಕಡೆಯಿಂದ ವರ್ಷಕ್ಕೆ 50,000 ದಾಟಿದರೆ ಅದು ತಪ್ಪದು. ಆದರೆ ಜಿಎಸ್‌ಟಿಯನ್ನು ಬೇರೆಯಾಗಿ ತೋರಿಸಿದ್ದರೆ ಅದರ ಮೇಲೆ ಟಿಡಿಎಸ್ ಕಡಿಯಬಾರದೆಂದು ನೇರ ತೆರಿಗೆ ಮಂಡಳಿ 2017ರ ಜುಲೈನಲ್ಲೇ ಸುತ್ತೋಲೆ ಹೊರಡಿಸಿದೆ. ಕಡಿಯಬೇಕಾದದ್ದು 80,000ಕ್ಕೆ 8,000. ನಿಮಗೆ 86,400 ಬರಬೇಕಿತ್ತು. 1,440 ಹೆಚ್ಚಾಗಿ ಹೋಗಿದೆ.

ನಿಮ್ಮ ಇನ್‌ವಾಯ್ಸನ್ನೂ ಒಮ್ಮೆ ತೆಗೆದು ನೋಡಿ. ‘ಎಲ್ಲ ಸೇರಿ 94,400’ ಎಂದು ಒಂದೇ ಸಾಲಿನಲ್ಲಿ ಬರೆದಿದ್ದರೆ ಅವರನ್ನು ದೂರುವಂತಿಲ್ಲ. ಶುಲ್ಕ ಒಂದು ಸಾಲು, ತೆರಿಗೆ ಇನ್ನೊಂದು ಸಾಲು ಇರಬೇಕು. ಕೆಲಸದ ಒಪ್ಪಂದದಲ್ಲೂ ಹಾಗೆಯೇ ಬರೆಸಿಕೊಳ್ಳಿ.

ಹಣ ಹೋಗಿಲ್ಲ. ಕಂಪನಿ ಅದನ್ನು ನಿಮ್ಮ ಪ್ಯಾನ್ ಹೆಸರಿನಲ್ಲಿ ಮುಂದಿನ ತಿಂಗಳ 7ರೊಳಗೆ ಸರ್ಕಾರಕ್ಕೆ ಕಟ್ಟಬೇಕು, ಅಕ್ಟೋಬರ್–ಡಿಸೆಂಬರ್ ತ್ರೈಮಾಸಿಕದ ವಿವರಪಟ್ಟಿಯನ್ನು ಜನವರಿ 31ರೊಳಗೆ ಸಲ್ಲಿಸಬೇಕು. ಅದು ಸಲ್ಲಿಕೆಯಾದ ಮೇಲಷ್ಟೇ ನಿಮ್ಮ ಪ್ಯಾನ್‌ಗೆ ಜಮೆಯಾದ ತೆರಿಗೆಯ ಪಟ್ಟಿಯಾದ 26ಎಎಸ್‌ನಲ್ಲಿ ಸಾಲು ಮೂಡುತ್ತದೆ. ಡಿಸೆಂಬರ್‌ನಲ್ಲೇ ಹುಡುಕಿ ‘ಮೋಸವಾಯಿತು’ ಎಂದು ನನಗೆ ಫೋನ್ ಮಾಡುವವರಿಗೆ ಇದಕ್ಕಿಂತ ಬೇರೆ ಉತ್ತರವಿಲ್ಲ. ವಿವರಪಟ್ಟಿ ಹೋಗುವ ಮುಂಚೆಯೇ ತಪ್ಪು ತೋರಿಸಿಕೊಟ್ಟಿದ್ದರೆ 1,440 ವಾಪಸ್ ಪಡೆಯುವುದು ಸುಲಭವಿತ್ತು. ಸಲ್ಲಿಕೆಯಾಗಿದ್ದರೆ ಜಗಳವಾಡಬೇಡಿ, ವರಮಾನ ತೆರಿಗೆ ರಿಟರ್ನ್‌ನಲ್ಲಿ ಪೂರ್ತಿ 9,440 ಕೇಳಿ. ತೆರಿಗೆ ಅಷ್ಟು ಬರದಿದ್ದರೆ ಉಳಿದದ್ದು ರೀಫಂಡ್ ಆಗುತ್ತದೆ.

ತೊಂದರೆ ಇರುವುದು ಕೈಯಲ್ಲಿರುವ ಹಣದಲ್ಲಿ. ನೀವು ತಿಂಗಳಿಗೊಮ್ಮೆ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾದರೆ 14,400 ಜಿಎಸ್‌ಟಿಯನ್ನು ಡಿಸೆಂಬರ್ 20ರೊಳಗೆ ಪೂರ್ತಿ ಲೆಕ್ಕ ಹಾಕಿ ತೀರಿಸಬೇಕು. ಅದರಲ್ಲಿ ಟಿಡಿಎಸ್ ಕಳೆಯುವಂತಿಲ್ಲ. 84,960ರಲ್ಲಿ ಅದನ್ನು ತೆಗೆದರೆ ನಿಮಗೆ ಉಳಿಯುವುದು 70,560.

ಈಗ ವರಮಾನ. ಜನ ಕೈಗೆ ಉಳಿದ 70,560ನ್ನೇ ವರಮಾನವೆಂದು ಬರೆದು, ಅದರ ಮೇಲೆ 9,440 ಟಿಡಿಎಸ್ ಅನ್ನೂ ಕೇಳುತ್ತಾರೆ. ನೋಟಿಸ್ ಬರದೆ ಇನ್ನೇನಾಗುತ್ತದೆ? ಕಡಿದ ತೆರಿಗೆಯೂ ನಿಮಗೆ ಬಂದ ವರಮಾನವೇ. ಬರೆಯಬೇಕಾದದ್ದು 80,000. ಖರ್ಚಿನ ಲೆಕ್ಕವಿಲ್ಲದೆ ಶುಲ್ಕದ ಶೇ 50ನ್ನು ಲಾಭವೆಂದು ತೋರಿಸುವ 44ಎಡಿಎ ಪದ್ಧತಿ ಹಿಡಿದರೂ ಆ ಲೆಕ್ಕ 80,000ದ ಮೇಲೆಯೇ. 26ಎಎಸ್‌ನಲ್ಲಿ ಪಾವತಿ 94,400 ಎಂದು ಕಾಣುತ್ತದೆ, ಗಾಬರಿ ಬೇಡ, ವ್ಯತ್ಯಾಸ ಜಿಎಸ್‌ಟಿಯದು. ಪ್ರಶ್ನೆ ಬಂದರೆ ಇನ್‌ವಾಯ್ಸ್ ಮತ್ತು ಜಿಎಸ್‌ಟಿ ರಿಟರ್ನ್ ತೋರಿಸಿ.

ಪ್ರಶ್ನೆ: ಫಾರಂ 15ಜಿ ಕೊಟ್ಟರೆ ಗ್ರಾಹಕರು ಟಿಡಿಎಸ್ ಕಡಿಯುವುದಿಲ್ಲವಂತೆ, ನಿಜವೇ?

ಸುಳ್ಳು. ತೆರಿಗೆ ಬರುವಷ್ಟು ವರಮಾನವಿಲ್ಲ ಎಂಬ ಆ ಘೋಷಣೆ 2025–26ರಲ್ಲಿ ಇದ್ದದ್ದು ಬ್ಯಾಂಕ್ ಬಡ್ಡಿಯಂಥವಕ್ಕೆ, ವೃತ್ತಿಪರ ಶುಲ್ಕಕ್ಕಲ್ಲ.

ಪ್ರಶ್ನೆ: ಟಿಡಿಎಸ್ ಕಡಿತವಾಗಿದೆಯಲ್ಲ, ಇನ್ನೂ ರಿಟರ್ನ್ ಹಾಕಬೇಕೇ?

ಹಾಕದಿದ್ದರೆ ನಿಮ್ಮ ರೀಫಂಡ್ ಸರ್ಕಾರದ ಬಳಿಯೇ ಇರುತ್ತದೆ. ನಿಮ್ಮಿಷ್ಟ.

ಪ್ರಶ್ನೆ: ‘ಪೂರ್ತಿ ಟಿಡಿಎಸ್ ವಾಪಸ್ ಕೊಡಿಸುತ್ತೇನೆ, ಶೇ 10 ಕಮಿಷನ್’ ಎನ್ನುವ ಏಜೆಂಟರೊಬ್ಬರಿದ್ದಾರೆ. ಒಪ್ಪಿಸಲೇ?

ಕಟ್ಟದ ಮನೆ ಬಾಡಿಗೆ, ಕೊಡದ ದೇಣಿಗೆ, ಇಲ್ಲದ ವಿಮೆ ತೋರಿಸಿ ರೀಫಂಡ್ ತರಿಸುವವರು ಇವರು. ಇಲಾಖೆ ಕೇಳಿದಾಗ ಅವರ ಫೋನ್ ಆಫ್ ಆಗಿರುತ್ತದೆ. ತೆರಿಗೆ, ಬಡ್ಡಿ, ದಂಡ ಕಟ್ಟುವವರು ನೀವು. ನನ್ನ ಮಾತಿಗೆ ಕಿವಿಗೊಡದಿದ್ದರೂ ಸರಿ, ಅವರಿಗೆ ಪಾಸ್‌ವರ್ಡ್ ಮಾತ್ರ ಕೊಡಬೇಡಿ.

ಪ್ರಶ್ನೆ: ಟಿಡಿಎಸ್ ಕಡಿದರು. ತ್ರೈಮಾಸಿಕದ ಗಡುವು ಮುಗಿದರೂ 26ಎಎಸ್‌ನಲ್ಲಿ ಕಾಣುತ್ತಿಲ್ಲ.

ಮೊದಲು ಅವರು ನಮೂದಿಸಿದ ಪ್ಯಾನ್ ಸರಿಯಿದೆಯೇ ಕೇಳಿ. ಎಷ್ಟೋ ಸಲ ಒಂದು ಅಕ್ಷರದ ತಪ್ಪು, ತಿದ್ದುಪಡಿ ವಿವರಪಟ್ಟಿಯಲ್ಲಿ ಸರಿಹೋಗುತ್ತದೆ. ಪ್ಯಾನ್ ಸರಿಯಿದ್ದರೆ ಟಿಡಿಎಸ್ ಪ್ರಮಾಣಪತ್ರವಾದ ಫಾರಂ 16ಎ ಕೊಡಿ ಎಂದು ಇಮೇಲ್‌ನಲ್ಲಿ ಕೇಳಿ, ಬಾಯಿಮಾತು ಸಾಲದು. ಕಡಿದವರು ಕಟ್ಟದೆ ಹೋದರೆ ಅದೇ ತೆರಿಗೆಯನ್ನು ನಿಮ್ಮಿಂದ ಮತ್ತೆ ವಸೂಲಿ ಮಾಡುವಂತಿಲ್ಲ ಎಂದು 1961ರ ವರಮಾನ ತೆರಿಗೆ ಕಾಯ್ದೆಯ ಸೆಕ್ಷನ್ 205 ಹೇಳುತ್ತದೆ. ಅದಕ್ಕೆ ಪುರಾವೆ ಬೇಕು: ಇನ್‌ವಾಯ್ಸ್, ಕಡಿತದ ಮೊತ್ತ ನಮೂದಿಸಿದ ಅವರ ಪಾವತಿ ಸೂಚನೆ, ಬ್ಯಾಂಕ್ ಸ್ಟೇಟ್‌ಮೆಂಟ್. ಪಾವತಿ ಸೂಚನೆ ಕಳಿಸದ ಗ್ರಾಹಕರಿಗೆ ಮುಂದಿನ ಬಿಲ್ ಕೊಡುವ ಮುನ್ನ ಅದನ್ನು ಕೇಳಿ ಪಡೆಯಿರಿ.