ಭಾನುವಾರದ ಕೆಲಸ, ಮಂಗಳವಾರದ ಸುಸ್ತು

*ಸಂಪಾದಕರೇ, ನಾನು ಹೈಸ್ಕೂಲ್ ಟೀಚರ್, ವಯಸ್ಸು 41. ಎಂಟು ತಿಂಗಳ ಹಿಂದೆ ಕೋವಿಡ್ ಬಂದು ನಾಲ್ಕೇ ದಿನಕ್ಕೆ ಜ್ವರ ಬಿಟ್ಟಿತು. ಸುಸ್ತು ಮಾತ್ರ ಬಿಟ್ಟಿಲ್ಲ. ಭಾನುವಾರ ಮನೆ ಒರೆಸಿ, ಬಟ್ಟೆ ಒಗೆದರೆ ಅವತ್ತು ಏನೂ ಅನ್ನಿಸೋದಿಲ್ಲ. ಸೋಮವಾರ ಸಂಜೆಯಿಂದ ಮೈಕೈ ನೋವು, ಮಂಗಳವಾರ ಏಳೋಕೇ ಆಗಲ್ಲ. ಬೋರ್ಡ್ ಮುಂದೆ ನಿಂತರೆ ಎದೆ ಡವಡವ ಅನ್ನುತ್ತೆ, ಹೇಳಬೇಕಾದ ಮಾತೇ ಮರೆತು ಹೋಗುತ್ತೆ. ರಕ್ತ ಪರೀಕ್ಷೆ ನಾರ್ಮಲ್. ಡಾಕ್ಟರು ‘ದಿನಾ ವಾಕಿಂಗ್ ಮಾಡಿ, ಟೆನ್ಷನ್ ಬಿಡಿ’ ಅಂದರು. ಮನೆಯಲ್ಲಿ ಸೋಮಾರಿ ಅಂತಾರೆ. ಇದು ನಿಜಕ್ಕೂ ಕಾಯಿಲೆಯಾ, ನನ್ನ ಮನಸ್ಸಿನದಾ?*
*– ಒಬ್ಬ ಓದುಗರು, ತಿಪಟೂರು*

ಮೇಡಂ, ಇದು ಕಾಯಿಲೆಯೇ. ನಾನು ಡಾಕ್ಟರ್ ಅಲ್ಲ, ಹಾಗಾಗಿ ನಿಮಗೆ ಇಂಥದ್ದೇ ಆಗಿದೆ ಎಂದು ಇಲ್ಲಿ ಕೂತು ಹೇಳಲಾರೆ. ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಸುಸ್ತಿಗಿಂತ ಅದರ ಟೈಮಿಂಗ್. ಕೆಲಸ ಮಾಡಿದ ದಿನ ಆರಾಮ, ಒಂದೆರಡು ದಿನ ಬಿಟ್ಟು ಪೆಟ್ಟು. ಮಾಮೂಲಿ ಆಯಾಸ ಹೀಗೆ ಬರುವುದಿಲ್ಲ. ಅದು ಕೆಲಸದ ಬೆನ್ನಿಗೇ ಬರುತ್ತದೆ, ಒಂದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರೆ ಹೋಗುತ್ತದೆ. ಹೀಗೆ ತಡವಾಗಿ ಬಂದು, ದಿನಗಟ್ಟಲೆ ಕೂರುವ ಸುಸ್ತಿಗೆ ವೈದ್ಯರು ಪೋಸ್ಟ್ ಎಕ್ಸರ್ಷನಲ್ ಮಲೇಸ್ ಎನ್ನುತ್ತಾರೆ. ಹೆಸರು ಉದ್ದವಾಯಿತು, ನಾವು ‘ಮರುದಿನದ ಸುಸ್ತು’ ಎನ್ನೋಣ. ಮೈ ದಣಿದರೆ ಮಾತ್ರ ಅಂತಲ್ಲ, ಎರಡು ಗಂಟೆ ಉತ್ತರ ಪತ್ರಿಕೆ ತಿದ್ದಿದರೂ ಇದು ಬರಬಹುದು.

ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ದೀರ್ಘ ಕೋವಿಡ್ ಎಂದರೇನು ಎಂದು ಬರೆದಿಟ್ಟಿತು. ಸೋಂಕು ತಗುಲಿ ಮೂರು ತಿಂಗಳಾದ ಮೇಲೂ ತೊಂದರೆ ಇರಬೇಕು, ಅದು ಕಡಿಮೆಯೆಂದರೆ ಎರಡು ತಿಂಗಳಿಂದ ನಡೆದಿರಬೇಕು, ಬೇರೆ ಕಾಯಿಲೆ ಅದಕ್ಕೆ ಕಾರಣ ಆಗಿರಬಾರದು. ಈ ಕೊನೆಯ ಮಾತನ್ನು ಸುಮ್ನೆ ದಾಟಬೇಡಿ. ‘ರಕ್ತ ಪರೀಕ್ಷೆ ನಾರ್ಮಲ್’ ಎಂದಿದ್ದೀರಿ, ಯಾವ ಯಾವ ಪರೀಕ್ಷೆ ಎಂದು ಬರೆದಿಲ್ಲ. ರಿಪೋರ್ಟು ತೆಗೆದು ನೋಡಿ. ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿ12 ಇದೆಯಾ? ನಮ್ಮ ಸಸ್ಯಾಹಾರಿ ಮನೆಗಳಲ್ಲಿ ಬಿ12 ಕೊರತೆ ತುಂಬಾ ಸಾಮಾನ್ಯ. ಅದೊಂದೇ ಸಾಕು, ಸುಸ್ತು, ಮರೆವು ಎರಡೂ ಬರುತ್ತವೆ. ಸಂಜೆ ಜ್ವರ, ತೂಕ ಇಳಿಯುವುದು ಇದ್ದರೆ ಟಿಬಿ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು.

ಅದೆಲ್ಲ ಸರಿಯಿದೆ ಎಂದುಕೊಳ್ಳೋಣ. ಆಗ ಮರುದಿನದ ಸುಸ್ತಿನಲ್ಲಿ ಮೈಯೊಳಗೆ ಏನು ನಡೆಯುತ್ತದೆ? ಇದಕ್ಕೆ ಸಿಕ್ಕಿರುವ ಒಳ್ಳೆಯ ಸುಳಿವುಗಳಲ್ಲಿ ಒಂದು ಆಮ್‌ಸ್ಟರ್‌ಡ್ಯಾಮ್‌ನದು, 2024ರ ಜನವರಿಯಲ್ಲಿ ಪ್ರಕಟವಾಯಿತು. ದೀರ್ಘ ಕೋವಿಡ್ ಇದ್ದ 25 ಜನರನ್ನು, ಆರೋಗ್ಯವಾಗಿದ್ದ 21 ಜನರನ್ನು ಸಂಶೋಧಕರು ಕರೆದರು. ಮೊದಲು ತೊಡೆಯಿಂದ ಸ್ನಾಯುವಿನ ಒಂದು ಚೂರು ತೆಗೆದರು. ಒಂದು ವಾರ ಬಿಟ್ಟು, ನಿಂತಲ್ಲೇ ತುಳಿಯುವ ಸೈಕಲ್ ಮೇಲೆ ಹತ್ತು ಹದಿನೈದು ನಿಮಿಷ ತುಳಿಸಿದರು. ಮರುದಿನ ಇನ್ನೊಂದು ಚೂರು ತೆಗೆದು, ಎರಡನ್ನೂ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಹೋಲಿಸಿದರು.

ರೋಗಿಗಳ ಸ್ನಾಯುವಿನಲ್ಲಿ ಮೈಟೋಕಾಂಡ್ರಿಯಾ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಆಮ್ಲಜನಕ ಬಳಸಿ ಶಕ್ತಿ ತಯಾರಿಸುವುದು ಜೀವಕೋಶದ ಈ ಭಾಗವೇ. ಸೈಕಲ್ ತುಳಿದ ಮಾರನೆಯ ದಿನ ಅದು ಇನ್ನೂ ಕುಸಿದಿತ್ತು. ಅಷ್ಟು ಮಾತ್ರವಲ್ಲ, ಸ್ನಾಯುವಿನ ಎಳೆಗಳು ಅಲ್ಲಲ್ಲಿ ಸತ್ತಿದ್ದವು, ರಿಪೇರಿಗೆ ರೋಗನಿರೋಧಕ ಕೋಶಗಳು ಬಂದು ಸೇರಿದ್ದವು. ಜಾಸ್ತಿ ಕೆಲಸ ಮಾಡಿದರೆ ಆರೋಗ್ಯವಂತರ ಸ್ನಾಯುವಿಗೂ ಸ್ವಲ್ಪ ಪೆಟ್ಟಾಗುತ್ತದೆ. ಇವರಲ್ಲಿ ಆ ಪೆಟ್ಟು ಬಹಳ ಜಾಸ್ತಿ ಇತ್ತು. ಅದೂ ಹದಿನೈದು ನಿಮಿಷದ ಸೈಕಲ್ಲಿಗೆ! ಭಾನುವಾರ ಒಗೆದ ಬಟ್ಟೆಯ ಲೆಕ್ಕ ಮಂಗಳವಾರ ಚುಕ್ತಾ ಆಗುವುದು ಯಾಕೆ ಎನ್ನುವುದಕ್ಕೆ ಇಲ್ಲೊಂದು ಕಾರಣ ಕಾಣುತ್ತದೆ. ಅಧ್ಯಯನ ಚಿಕ್ಕದು, ನಿಜ. ಇವರು ತಿಂಗಳುಗಟ್ಟಲೆ ಓಡಾಡದೆ ಕೂತಿದ್ದರಿಂದಲೇ ಹೀಗಾಯಿತಾ ಎಂಬ ವಾದ ಪೂರ್ತಿ ತೀರಿಲ್ಲ. ಆದರೂ ‘ಎಲ್ಲ ನಿನ್ನ ತಲೆಯಲ್ಲಿದೆ’ ಎನ್ನುವವರಿಗೆ ತೋರಿಸಲು ತೊಡೆಯ ಚೂರಿಗಿಂತ ಒಳ್ಳೆಯ ಸಾಕ್ಷಿ ನನಗಂತೂ ಗೊತ್ತಿಲ್ಲ.

ಹಾಗಾದರೆ ಸ್ನಾಯುವನ್ನು ಈ ಸ್ಥಿತಿಗೆ ತಂದದ್ದು ಏನು? ಇಲ್ಲಿ ಸಂಶೋಧಕರಲ್ಲೇ ಒಮ್ಮತವಿಲ್ಲ. ಒಂದು ವಿಚಾರ, ವೈರಸ್ ಪೂರ್ತಿ ಹೋಗಿಲ್ಲ ಎನ್ನುವುದು. ಸೋಂಕು ವಾಸಿಯಾಗಿ ತಿಂಗಳುಗಳಾದ ಮೇಲೂ ಕೆಲವರ ಕರುಳಿನಲ್ಲಿ ವೈರಸ್ಸಿನ ತುಣುಕು, ರಕ್ತದಲ್ಲಿ ಅದರ ಪ್ರೋಟೀನ್ ಸಿಕ್ಕಿವೆ. ಅಲ್ಲಿ ಬದುಕಿರುವ ವೈರಸ್ ಇದೆಯೋ, ಬರೀ ಕಸ ಉಳಿದಿದೆಯೋ ಎನ್ನುವುದು ಇನ್ನೂ ಚರ್ಚೆಯಲ್ಲಿದೆ. ವೈರಸ್ಸೇ ಕಾರಣವಾದರೆ ಅದನ್ನು ಕೊಲ್ಲುವ ಔಷಧಿ ಕೊಟ್ಟರೆ ಗುಣವಾಗಬೇಕು, ಅಲ್ವಾ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 155 ರೋಗಿಗಳ ಮೇಲೆ ಇದನ್ನು ನೋಡಿಯೇಬಿಟ್ಟರು. ಕೆಲವರಿಗೆ 15 ದಿನ ಪ್ಯಾಕ್ಸ್‌ಲೋವಿಡ್, ಉಳಿದವರಿಗೆ ವೈರಸ್ ಮೇಲೆ ಕೆಲಸ ಮಾಡದ ಮಾತ್ರೆ. 2024ರಲ್ಲಿ ಫಲಿತಾಂಶ ಬಂತು: ಎರಡು ಗುಂಪಿಗೂ ವ್ಯತ್ಯಾಸವಿರಲಿಲ್ಲ. 15 ದಿನ ಸಾಲದೇನೋ ಎನ್ನುವವರಿದ್ದಾರೆ. ಹಾಗಾಗಿ ಈ ವಿಚಾರ ಸತ್ತಿಲ್ಲ, ಆದರೆ ಮೊದಲಿದ್ದ ಹುರುಪು ಇಲ್ಲ.

ಇನ್ನೊಂದು ವಿಚಾರ ನನಗೆ ಹೆಚ್ಚು ಕುತೂಹಲದ್ದು. ವೈರಸ್ ವಿರುದ್ಧ ಹೋರಾಡಲು ಮೈ ತಯಾರಿಸಿದ ಪ್ರತಿಕಾಯಗಳಲ್ಲಿ ಕೆಲವು ದಾರಿ ತಪ್ಪಿ ನಮ್ಮದೇ ನರಗಳ ಮೇಲೆ, ರಕ್ತನಾಳಗಳ ಮೇಲೆ ತಿರುಗಿ ಬೀಳುತ್ತವೆ ಎನ್ನುವುದು. ಆಮ್‌ಸ್ಟರ್‌ಡ್ಯಾಮ್‌ನ ಒಂದು ತಂಡ ರೋಗಿಗಳ ರಕ್ತದಿಂದ ಪ್ರತಿಕಾಯಗಳನ್ನು ಬೇರ್ಪಡಿಸಿ ಇಲಿಗಳಿಗೆ ಚುಚ್ಚಿತು. ಸಣ್ಣ ಚುಚ್ಚುವಿಕೆಗೂ ಆ ಇಲಿಗಳು ನೋವು ತೋರಿಸಿದವು. ಇಲಿಗೆ ಟೆನ್ಷನ್ ಇತ್ತು ಎಂದು ಯಾರೂ ಹೇಳಲಾರರು! ಆದರೆ ಇಲಿಯ ನೋವಿಗೂ ಮನುಷ್ಯನ ಮಂಗಳವಾರದ ಸುಸ್ತಿಗೂ ನಡುವೆ ದಾರಿ ಇನ್ನೂ ಉದ್ದವಿದೆ. ಇದಲ್ಲದೆ ಮೈಯಲ್ಲಿ ಮಲಗಿದ್ದ ಹಳೆಯ ವೈರಸ್‌ಗಳು ಮತ್ತೆ ಎದ್ದವು, ರಕ್ತದ ಅತಿ ಸಣ್ಣ ಹೆಪ್ಪುಗಳು ಕಿರುನಾಳಗಳನ್ನು ಕಟ್ಟುತ್ತವೆ ಎಂಬ ಮಾತುಗಳೂ ಇವೆ. ಆಮ್‌ಸ್ಟರ್‌ಡ್ಯಾಮ್‌ನ ಸ್ನಾಯುವಿನ ಚೂರುಗಳಲ್ಲಿ ನಾಳ ಕಟ್ಟಿದ ಗುರುತು ಸಿಗಲಿಲ್ಲ. ಬಹುಶಃ ಎಲ್ಲರಲ್ಲೂ ಒಂದೇ ಕಾರಣ ಇರಲಿಕ್ಕಿಲ್ಲ.

ಒಂದು ಮಾತಂತೂ ಸ್ಪಷ್ಟ. ಇದು ಕೊರೋನಾ ಹೊಸದಾಗಿ ತಂದದ್ದಲ್ಲ. ಆಸ್ಟ್ರೇಲಿಯಾದಲ್ಲಿ ಡಬ್ಬೋ ಎಂಬ ಊರಿದೆ. ಅಲ್ಲಿ ಮೂರು ಬೇರೆ ಬೇರೆ ಸೋಂಕು ತಗುಲಿದ 253 ಜನರನ್ನು ಮೊದಲ ದಿನಗಳಿಂದಲೇ ಹಿಂಬಾಲಿಸಿದರು: ಎಪ್‌ಸ್ಟೀನ್ ಬಾರ್ ವೈರಸ್, ಕ್ಯೂ ಜ್ವರ ತರುವ ಬ್ಯಾಕ್ಟೀರಿಯಾ, ಸೊಳ್ಳೆಯಿಂದ ಬರುವ ರಾಸ್ ರಿವರ್ ವೈರಸ್. ಆರು ತಿಂಗಳಾದ ಮೇಲೂ ಸುಮಾರು ನೂರಕ್ಕೆ 12 ಜನ ದಿನದ ಕೆಲಸಕ್ಕೆ ಅಡ್ಡಿಯಾಗುವಷ್ಟು ಸುಸ್ತಿನಲ್ಲಿದ್ದರು. ಸೋಂಕು ಯಾವುದೇ ಇರಲಿ, ಲೆಕ್ಕ ಹೆಚ್ಚುಕಡಿಮೆ ಅಷ್ಟೇ. ಯಾರಿಗೆ ಉಳಿಯಿತು ಎಂದು ನೋಡಿದರೆ, ಮೊದಲ ಜ್ವರ ಜೋರಾಗಿ ಬಂದವರಿಗೆ ಜಾಸ್ತಿ. ಮುಂಚೆ ಮಾನಸಿಕ ತೊಂದರೆ ಇತ್ತೇ ಎಂಬುದಕ್ಕೂ ಇದಕ್ಕೂ ಸಂಬಂಧ ಕಾಣಲಿಲ್ಲ. ಇದು ಪ್ರಕಟವಾದದ್ದು 2006ರಲ್ಲಿ. ಅದೇ ವರ್ಷ ನಮ್ಮಲ್ಲಿ ಚಿಕೂನ್‌ಗುನ್ಯಾ ಊರೂರು ಮಲಗಿಸಿತ್ತು. ರಾಸ್ ರಿವರ್ ಅದರ ದಾಯಾದಿಯೇ. ಜ್ವರ ಬಿಟ್ಟು ತಿಂಗಳುಗಳಾದರೂ ಗೋಡೆ ಹಿಡಿದು ನಡೆಯುತ್ತಿದ್ದ ಹಿರಿಯರನ್ನು ನೀವೂ ನೋಡಿರುತ್ತೀರಿ. ಅವರನ್ನು ಯಾರೂ ಸೋಮಾರಿ ಎನ್ನಲಿಲ್ಲ, ಗಂಟು ಊದಿದ್ದು ಕಣ್ಣಿಗೆ ಕಾಣುತ್ತಿತ್ತಲ್ಲ. (ಡಬ್ಬೋದಲ್ಲಿ ಜ್ವರ ಜೋರಿದ್ದವರಿಗೆ ಜಾಸ್ತಿ ಎಂದೆ. ಆದರೆ ಕೋವಿಡ್‌ನಲ್ಲಿ ನಿಮ್ಮಂತೆ ಹಗುರವಾಗಿ ಬಂದು ಹೋದವರೂ ಬೇಕಾದಷ್ಟು ಜನ ಇದ್ದಾರೆ.)

ಬೋರ್ಡ್ ಮುಂದಿನ ಡವಡವದ ವಿಷಯಕ್ಕೆ ಬರುತ್ತೇನೆ. ಅದನ್ನು ಮನೆಯಲ್ಲೇ ಅಳೆಯಬಹುದು. ಕೋವಿಡ್ ಕಾಲದಲ್ಲಿ ಕೊಂಡ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಯಾವುದಾದರೂ ಡ್ರಾಯರಿನಲ್ಲಿ ಇದ್ದೇ ಇರುತ್ತದೆ. ಸೆಲ್ ಬದಲಾಯಿಸಿ. ಬೆಳಿಗ್ಗೆ ಕಾಫಿಗೆ ಮುಂಚೆ ಹತ್ತು ನಿಮಿಷ ಅಂಗಾತ ಮಲಗಿ, ನಾಡಿ ಬರೆದುಕೊಳ್ಳಿ. ಆಮೇಲೆ ಎದ್ದು, ಬೆನ್ನನ್ನು ಗೋಡೆಗೆ ಒರಗಿಸಿ, ಕಾಲು ಅಲ್ಲಾಡಿಸದೆ ಹತ್ತು ನಿಮಿಷ ನಿಲ್ಲಿ. ಎರಡೆರಡು ನಿಮಿಷಕ್ಕೆ ನಾಡಿ ಬರೆಯಿರಿ. ಪಕ್ಕದಲ್ಲಿ ಒಬ್ಬರು ಇರಲೇಬೇಕು, ತಲೆ ಸುತ್ತಿದರೆ ತಕ್ಷಣ ಕೂತುಬಿಡಿ. ಮಲಗಿದಾಗ 74 ಇದ್ದು, ನಿಂತಾಗ 110ಕ್ಕೆ ಏರಿ ಅಲ್ಲೇ ನಿಂತರೆ ವ್ಯತ್ಯಾಸ 36. ದೊಡ್ಡವರಲ್ಲಿ ಇದು 30 ಅಥವಾ ಜಾಸ್ತಿ ಇದ್ದು, ಬಿಪಿ ಇಳಿಯದೆ ಇದ್ದರೆ ವೈದ್ಯರು ಪಾಟ್ಸ್ ಎಂಬ ತೊಂದರೆಯನ್ನು ಯೋಚಿಸುತ್ತಾರೆ. ನಿಂತ ಕೂಡಲೇ ರಕ್ತ ಕಾಲಿನ ಕಡೆಗೆ ಇಳಿಯುತ್ತದೆ. ನರಗಳು ನಾಳಗಳನ್ನು ಬಿಗಿಮಾಡಿ ಅದನ್ನು ಮೇಲಕ್ಕೆ ತರಬೇಕು. ಆ ನರಗಳು ಎಡವಿದರೆ ಹೃದಯ ಓಡಿ ಸರಿದೂಗಿಸುತ್ತದೆ, ತಲೆಗೆ ರಕ್ತ ಸಾಲದೆ ಮಾತು ಮರೆಯುತ್ತದೆ. ಮಲಗಿಸಿ ತೆಗೆದ ಇಸಿಜಿಯಲ್ಲಿ ಇದು ಕಾಣುವುದಿಲ್ಲ. ಮೂರು ದಿನದ ಲೆಕ್ಕ ಬರೆದು ಡಾಕ್ಟರಿಗೆ ತೋರಿಸಿ. ಉಪ್ಪು ಜಾಸ್ತಿ ತಿನ್ನುವುದು, ಕಾಲಿಗೆ ಬಿಗಿ ಸ್ಟಾಕಿಂಗ್ಸ್ ಹಾಕುವುದು, ಮಾತ್ರೆ ಇವೆಲ್ಲ ಇವೆ. ಆದರೆ ಬಿಪಿ ನೋಡದೆ ಉಪ್ಪಿಗೆ ಕೈ ಹಾಕಬೇಡಿ.

ವಾಕಿಂಗ್ ಸಲಹೆಯ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ಡಾಕ್ಟರು ಕೆಟ್ಟದ್ದು ಬಯಸಿ ಹೇಳಿಲ್ಲ. ಹೆಚ್ಚಿನ ಸುಸ್ತುಗಳಿಗೆ ಅದು ಸರಿಯಾದ ಮದ್ದೇ. ಬ್ರಿಟನ್ನಿನಲ್ಲಿ ಡಾಕ್ಟರುಗಳಿಗೆ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆಯೂ ಎಂಇ/ಸಿಎಫ್‌ಎಸ್ ಎಂಬ, ಇದೇ ಲಕ್ಷಣದ ಹಳೆಯ ಕಾಯಿಲೆಗೆ 2007ರಲ್ಲಿ ‘ವಾರವಾರ ವ್ಯಾಯಾಮ ಏರಿಸುತ್ತಾ ಹೋಗಿ’ ಎಂದಿತ್ತು. 2021ರಲ್ಲಿ ಆ ಸಲಹೆಯನ್ನು ತೆಗೆದುಹಾಕಿತು. ಮರುದಿನದ ಸುಸ್ತು ಇರುವವರಿಗೆ ಒತ್ತಾಯದ ವ್ಯಾಯಾಮದಿಂದ ಇನ್ನಷ್ಟು ಹದಗೆಡುವ ಅಪಾಯವಿದೆ. ಬದಲಿಗೆ ಕೆಲಸವನ್ನು ಹರಡಿಕೊಳ್ಳಬೇಕು.

ನಿಮ್ಮದೇ ವಾರ ನೋಡಿ. ಭಾನುವಾರ ಒಂದೇ ದಿನ ಒರೆಸುವುದು, ಒಗೆಯುವುದು ಎರಡೂ ಬೇಡ. ಎರಡು ವಾರ ಏನು ಮಾಡಿದಿರಿ, ಎಷ್ಟು ಹೊತ್ತು, ಎಷ್ಟು ಗಂಟೆ ಬಿಟ್ಟು ಸುಸ್ತು ಬಂತು ಎಂದು ಡೈರಿಯಲ್ಲಿ ಗೀಚಿ. ಯಾವ ಅಳತೆ ದಾಟಿದರೆ ಮಂಗಳವಾರ ಹಾಸಿಗೆ ಹಿಡಿಯುತ್ತೀರಿ ಎಂದು ಗೊತ್ತಾಗುತ್ತದೆ. ಇಪ್ಪತ್ತು ನಿಮಿಷ ಎಂದು ಬಂದರೆ ಹದಿನೈದಕ್ಕೇ ನಿಲ್ಲಿಸಿ, ಮೈ ‘ಇನ್ನೂ ಆಗುತ್ತೆ’ ಎನ್ನುತ್ತಿದ್ದರೂ. ಕಷ್ಟ ಇರುವುದು ಇಲ್ಲೇ. ಒಳ್ಳೆಯ ದಿನ ಬಂದಾಗ ಬಾಕಿ ಕೆಲಸವೆಲ್ಲ ಮುಗಿಸಿಬಿಡೋಣ ಅನ್ನಿಸುತ್ತದೆ, ಹೆಚ್ಚಿನವರು ಮತ್ತೆ ಬೀಳುವುದು ಆ ದಿನವೇ. ಹೀಗೆ ಮಾಡಿದರೆ ಕಾಯಿಲೆ ವಾಸಿಯಾಗುತ್ತದೆ ಎಂದು ಹೇಳುತ್ತಿಲ್ಲ, ಬೀಳುವುದು ಕಡಿಮೆಯಾಗುತ್ತದೆ. ಡಬ್ಬೋದಲ್ಲಿ ಆರು ತಿಂಗಳಿಗೆ ನೂರಕ್ಕೆ 12 ಇದ್ದದ್ದು ವರ್ಷಕ್ಕೆ 9ಕ್ಕೆ ಇಳಿಯಿತು.

ಡ್ರಿಪ್ ಹಾಕಿ ‘ಎನರ್ಜಿ’ ತುಂಬುತ್ತೇವೆ, ರಕ್ತ ಸೋಸಿ ಕೊಡುತ್ತೇವೆ ಎನ್ನುವ ಜಾಹೀರಾತಿಗೆ ದುಡ್ಡು ಸುರಿಯಬೇಡಿ. ಆ ದುಡ್ಡಿನಲ್ಲಿ ಒಂದು ವಾಷಿಂಗ್ ಮಷೀನ್ ಬರುತ್ತದೆ. ಹೆಡ್‌ಮಾಸ್ಟರ ಹತ್ತಿರ ಬೋರ್ಡ್ ಪಕ್ಕಕ್ಕೆ ಒಂದು ಎತ್ತರದ ಸ್ಟೂಲ್ ಕೇಳಿ, ಡಾಕ್ಟರ ಚೀಟಿ ಬೇಕೆಂದರೆ ನಾಡಿಯ ಲೆಕ್ಕದ ಹಾಳೆ ಅದಕ್ಕೂ ಉಪಯೋಗಕ್ಕೆ ಬರುತ್ತದೆ. ಎದೆ ನೋವು ಬಂದರೆ, ನಿಂತಲ್ಲೇ ಎಚ್ಚರ ತಪ್ಪಿದರೆ, ಉಸಿರಾಟಕ್ಕೆ ಕಷ್ಟವಾದರೆ ಮಾತ್ರ ಯಾವ ಲೆಕ್ಕಕ್ಕೂ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ.

– ಸಂ.