ದಿರ್ಹಮ್‌ಗೆ ಮಾಟುಂಗದಲ್ಲಿ ಎಷ್ಟು ವಡಾಪಾವ್?

ಪ್ರಶ್ನೆ: ಮಗಳ ಡಬ್ಬಿಯಲ್ಲಿ ದುಬೈಯ ಮೂರು ನಾಣ್ಯಗಳಿವೆ. ಒಂದೊಂದಕ್ಕೂ ನಮ್ಮ ಮುಂಬೈಯಲ್ಲಿ ಏನು ಬರುತ್ತೆ ಅಂತ ಪುಟ್ಟ ಕಥೆಯಾಗಿ ಹೇಳೋದು ಹೇಗೆ?

ಉತ್ತರ: ಅಂಕಿ ತಪ್ಪು ಓದುವುದರಿಂದಲೇ ಶುರು ಮಾಡಿ.

ಹುಡುಗಿ ಏಳು ಮೂಲೆಯ ನಾಣ್ಯ ಹಿಡಿದು, “ಅಜ್ಜಾ, ಇದರಲ್ಲಿ ಬರೀ ಸೊನ್ನೆ, ಪಕ್ಕಕ್ಕೊಂದು ಚುಕ್ಕಿ. ಬೆಲೆಯೇ ಇಲ್ವಾ?” ಅಂದಳು.

“ಅರಬ್ಬಿಯಲ್ಲಿ ಆ ಸೊನ್ನೆಯೇ ಐದು, ಚುಕ್ಕಿಯೇ ಸೊನ್ನೆ ಕಣೇ. ಇದು 50 ಫಿಲ್ಸ್. 100 ಫಿಲ್ಸ್ ಸೇರಿದರೆ ಒಂದು ದಿರ್ಹಮ್.”

ದಿರ್ಹಮ್‌ಗೆ 23 ರೂಪಾಯಿ ಅಂತ ಹಿಡಿದು ಅಜ್ಜ ಅವಳನ್ನು ಮಾಟುಂಗದ ಬೀದಿಗೆ ಕರೆದೊಯ್ದ. ದೊಡ್ಡ ನಾಣ್ಯಕ್ಕೆ 20 ರೂಪಾಯಿಯ ವಡಾಪಾವ್, ಮೇಲೆ 3 ಚಿಲ್ಲರೆ. 50 ಫಿಲ್ಸ್ ಅಂದರೆ 11.50, 10 ರೂಪಾಯಿಯ ಕಟಿಂಗ್ ಚಹಾ. 25 ಫಿಲ್ಸ್‌ಗೆ 5.75, ಅಂದರೆ 5 ರೂಪಾಯಿಯ ಬಿಸ್ಕತ್ ಪೊಟ್ಟಣ.

“ಹಾಗಾದ್ರೆ ನಾಣ್ಯವನ್ನೇ ಕೊಡ್ತೀನಿ!”

“ಅಂಗಡಿಯವನು ತಗೊಳ್ಳಲ್ಲ. ಹಣ ಬದಲಿಸುವವರೂ ಸಾಮಾನ್ಯವಾಗಿ ನೋಟು ಮಾತ್ರ ತಗೊಳ್ಳೋದು.” ಅಜ್ಜನೇ ಜೇಬಿನಿಂದ ರೂಪಾಯಿ ತೆಗೆದ. ನಾಣ್ಯ ಡಬ್ಬಿಗೆ ವಾಪಸ್.

ಹೇಳುವ ದಿನದ ದರ, ನಿಮ್ಮ ಬೀದಿಯ ಬೆಲೆ ಎರಡನ್ನೂ ನೋಡಿ ಅಂಕಿ ಬದಲಿಸಿಕೊಳ್ಳಿ. ಗುಣಾಕಾರ ಬಾರದ ಮಗುವಾದರೆ ಪ್ರತಿ ನಾಣ್ಯದ ಪಕ್ಕ ಅಷ್ಟು ರೂಪಾಯಿ ಜೋಡಿಸಿಟ್ಟರೆ ಸಾಕು, ಪೈಸೆ ಬಿಟ್ಟುಬಿಡಿ.